ಸಭೆಗೆ ಬರಲಾಗದ ಪೋಷಕರಿಗೆ ಒಂದು ಪುಟ: ಧ್ವನಿಮುದ್ರಣದಿಂದ ಟಿಪ್ಪಣಿ ಮಾಡುವ ಬಗೆ

ಪೋಷಕರ ಸಭೆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂದು ಶಾಲೆ ತಿಳಿಸುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಆ ಹೊತ್ತಿಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾರೆ. ರಜೆ ಹಾಕಿದರೆ ಆ ದಿನದ ಕೂಲಿ ಕೈತಪ್ಪುತ್ತದೆ. ಕಬ್ಬಿನ ಕಟಾವು ನಡೆಯುತ್ತಿದ್ದರೆ ತಂದೆ ಆಳುಗಳನ್ನೂ ಲಾರಿಯನ್ನೂ ಬಿಟ್ಟು ಬರುವಂತಿಲ್ಲ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಕಷ್ಟವೂ ಇದೇ. ಇವರಿಗೂ ವಿಷಯ ತಿಳಿಯಲಿ ಎಂದು ಯಾರಾದರೂ ಸಭೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹತ್ತು ಗಂಟೆ ದುಡಿದು ಬಂದವರು ಎಪ್ಪತ್ತು ನಿಮಿಷದ ಧ್ವನಿಯನ್ನು ಕುಳಿತು ಕೇಳುವುದಿಲ್ಲ. ಕೇಳಿದರೂ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ನಾಲ್ಕು ಜನ ಒಟ್ಟಿಗೆ ಮಾತನಾಡುವ ಗದ್ದಲದ ನಡುವೆ ತಮಗೆ ಬೇಕಾದ ಎರಡು ವಾಕ್ಯಗಳು ಎಲ್ಲಿವೆ ಎಂಬುದು ಅವರಿಗೆ ಸಿಗುವುದಿಲ್ಲ.

ಆ ಧ್ವನಿಯನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಮಕ್ಕಳ ಶಾಲೆಯಲ್ಲಿ ಈ ಕೆಲಸವನ್ನು ಮಾಡುತ್ತಾ ಬಂದಿದ್ದೇನೆ. ಪೋಷಕರಲ್ಲಿ ಯಾರು ಬೇಕಾದರೂ ಮಾಡಬಹುದು. ಎಪ್ಪತ್ತು ನಿಮಿಷದ ಸಭೆಗೆ ಒಂದು ಸಂಜೆ ಸಾಕು.

ಮೊದಲಿಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಗೆ ನಡಾವಳಿ ಪುಸ್ತಕವಿರುತ್ತದೆ. ಯಾರು ಹಾಜರಿದ್ದರು, ಯಾವ ವಿಷಯ ಬಂತು, ಏನು ನಿರ್ಣಯವಾಯಿತು ಎಂದು ಸಭೆ ನಡೆದ ಕ್ರಮದಲ್ಲೇ ಅದರಲ್ಲಿ ಬರೆಯುತ್ತಾರೆ. ಅದು ಕಚೇರಿಯ ದಾಖಲೆ. ಬರಲಾಗದ ಪೋಷಕರಿಗೆ ಆ ಕ್ರಮದಿಂದ ಉಪಯೋಗವಿಲ್ಲ. ಅವರು ತಿಳಿಯಬೇಕಾದದ್ದು ಇಷ್ಟು: ನಾನು ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು, ಸಂಶಯವಿದ್ದರೆ ಯಾರನ್ನು ಕೇಳಬೇಕು. ಸ್ವಾಗತ ಭಾಷಣ ಹತ್ತು ನಿಮಿಷ ನಡೆದಿದ್ದರೂ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ. ಎಲ್ಲರೂ ಎದ್ದು ಹೊರಡುವಾಗ ಯಾರೋ ಅಂದ ಅರ್ಧ ವಾಕ್ಯ ಕೆಲವೊಮ್ಮೆ ಮೊದಲ ಸಾಲಿಗೆ ಬರಬೇಕಾಗುತ್ತದೆ.

ಮುದ್ರಿಸುವಾಗ

ಇದು ಚಿಕ್ಕ ಭಾಗ, ಆದರೆ ಇಲ್ಲಿ ಕೆಟ್ಟರೆ ಮುಂದೆ ಸರಿಪಡಿಸಲಾಗದು. ಸಭೆಯ ಆರಂಭದಲ್ಲಿ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, "ಬರಲಾಗದವರಿಗೆ ಟಿಪ್ಪಣಿ ಮಾಡಲು ಮುದ್ರಿಸಿಕೊಳ್ಳುತ್ತಿದ್ದೇವೆ, ಧ್ವನಿಯನ್ನು ಗುಂಪಿಗೆ ಹಾಕುವುದಿಲ್ಲ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ. ಈ ಮಾತು ಆಡಿದ ಮೇಲೆ ಅದಕ್ಕೆ ತಪ್ಪಬಾರದು. ಫೋನನ್ನು ವಿಮಾನ ಮೋಡಿನಲ್ಲಿಡಿ, ಇಲ್ಲವಾದರೆ ಕರೆಯೊಂದು ಬಂದು ಮುದ್ರಣ ನಿಂತುಬಿಡಬಹುದು. ಮೇಜಿನ ಮೇಲೆ ಬರಿದಾಗಿ ಇಟ್ಟರೆ ಪುಸ್ತಕ ಇಡುವ, ಕೈ ಊರುವ ಪ್ರತಿ ಸದ್ದೂ ಗುಡುಗಿನಂತೆ ಕೇಳುತ್ತದೆ. ಮಡಿಸಿದ ಟವೆಲ್ ಮೇಲೆ, ಮಾತನಾಡುವವರ ಕಡೆಗೆ ಮೈಕ್ ಬರುವಂತೆ ಇಡಿ.

ಸಾಧ್ಯವಾದರೆ ಟಿಪ್ಪಣಿ ಮಾಡುವವರೇ ಸಭೆಯಲ್ಲಿ ಕುಳಿತಿರಬೇಕು. ಕಾರಣವಿದೆ. ಮುಖ್ಯ ಶಿಕ್ಷಕರು ಒಂದು ಹಾಳೆಯನ್ನು ಎತ್ತಿ ತೋರಿಸಿ "ಇದರಲ್ಲಿ ಇಲ್ಲಿ ಸಹಿ ಮಾಡಬೇಕು" ಎನ್ನುತ್ತಾರೆ. ಧ್ವನಿಯಲ್ಲಿ "ಇದು" ಯಾವುದು, "ಇಲ್ಲಿ" ಎಂದರೆ ಎಲ್ಲಿ ಎಂಬುದು ಉಳಿಯುವುದಿಲ್ಲ. ಕೈಯಲ್ಲಿ ಒಂದು ಚೀಟಿ ಇಟ್ಟುಕೊಂಡು, ಏನಾದರೂ ತೋರಿಸಿದಾಗಲೆಲ್ಲ ಗಡಿಯಾರ ನೋಡಿ "11.20, ಎಸ್‌ಎಸ್‌ಎಲ್‌ಸಿ ವಿವರದ ಹಾಳೆ, ಕೆಳಗಡೆ ಬಲಕ್ಕೆ" ಎಂದು ಗುರುತು ಹಾಕಿಕೊಂಡರೆ ಸಾಕು. ಹೊರಡುವ ಮೊದಲು ಅಂಥ ಹಾಳೆಗಳ ಫೋಟೊ ತೆಗೆದುಕೊಳ್ಳಿ. ಆದರೆ ಭರ್ತಿಯಾದ ಹಾಳೆ ಬೇಡ, ಖಾಲಿ ನಮೂನೆಯದು ಮಾತ್ರ.

ಮೊದಲ ಸಲ ಕೇಳುವುದು: ವಾಕ್ಯ ಬರೆಯಬೇಡಿ

ಇನ್ನು ಮುಂದಿನದನ್ನು ಒಂದು ಉದಾಹರಣೆಯ ಜೊತೆಗೇ ನೋಡೋಣ. ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, 10ನೇ ತರಗತಿ, ನವೆಂಬರ್ 22ರ ಶನಿವಾರ ನಡೆದ ಸಭೆ, ಎಪ್ಪತ್ತು ನಿಮಿಷದ ಧ್ವನಿ ಎಂದು ಇಟ್ಟುಕೊಳ್ಳಿ.

ಇಯರ್‌ಫೋನ್ ಹಾಕಿಕೊಂಡು, ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿ, ತಡೆಯದೆ ಕೊನೆಯವರೆಗೆ ಕೇಳಿ. ನಲವತ್ತೇಳು ನಿಮಿಷದಲ್ಲಿ ಮುಗಿಯುತ್ತದೆ. ಕೈಯಲ್ಲಿ ಪೆನ್ನಿರಲಿ, ಆದರೆ ಮಾತುಗಳನ್ನು ಬರೆದುಕೊಳ್ಳಬೇಡಿ. ನಿಮಿಷ, ಮಾತನಾಡಿದವರು, ವಿಷಯ ಇಷ್ಟೇ ಬರೆಯಿರಿ. ಮೊದಲಿನಿಂದಲೇ ಪೂರ್ತಿ ವಾಕ್ಯ ಬರೆಯಲು ಹೊರಟವರು ಇಪ್ಪತ್ತನೇ ನಿಮಿಷಕ್ಕೆ ದಣಿಯುತ್ತಾರೆ, ಮುಖ್ಯವಾದ ಮಾತು ಹೆಚ್ಚಾಗಿ ಅಲ್ಲಿಂದಾಚೆಗೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಪಟ್ಟಿ ಹೀಗೆ ಬಂತು:

04:10 – ಮುಖ್ಯ ಶಿಕ್ಷಕರು – ಎಸ್‌ಎಸ್‌ಎಲ್‌ಸಿ ವಿವರದ ಹಾಳೆ, ಸಹಿ, "ಶುಕ್ರವಾರದೊಳಗೆ"
09:30 – ಒಬ್ಬ ತಂದೆ – ಆಧಾರ್‌ನಲ್ಲಿ ಹೆಸರು ಬೇರೆ ಇದ್ದರೆ?
13:00 – ಗಣಿತ ಶಿಕ್ಷಕಿ – ಅರ್ಧವಾರ್ಷಿಕ ಪರೀಕ್ಷೆಯ ಅಂಕ, ಮಕ್ಕಳ ಹೆಸರು ಬಂದಿವೆ
27:20 – ಮುಖ್ಯ ಶಿಕ್ಷಕರು – ಸಂಜೆ ವಿಶೇಷ ತರಗತಿ, 4.30ರಿಂದ 5.30, "ಮುಂದಿನ ಸೋಮವಾರದಿಂದ"
29:00 – ತಾಯಂದಿರು – ಬಸ್ ತಪ್ಪುತ್ತದೆ, ಗದ್ದಲ
41:15 – ತರಗತಿ ಶಿಕ್ಷಕರು – ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ
52:40 – ಕುಡಿಯುವ ನೀರಿನ ಫಿಲ್ಟರ್
58:05 – ತರಗತಿ ಶಿಕ್ಷಕರು – ಬರದವರಿಗೆ ಹಾಳೆಯನ್ನು ಮಕ್ಕಳ ಕೈಯಲ್ಲಿ ಕಳುಹಿಸುವುದು
66:30 – ಮುಖ್ಯ ಶಿಕ್ಷಕರು – ಹಾಳೆ, "ಗುರುವಾರವೇ ಬಂದರೆ ಅನುಕೂಲ"

ಈ ಪಟ್ಟಿಯನ್ನು ಸುಮ್ಮನೆ ಒಮ್ಮೆ ನೋಡಿ. ಎಸ್‌ಎಸ್‌ಎಲ್‌ಸಿ ಹಾಳೆಯ ಮಾತು ನಾಲ್ಕು ಕಡೆ ಚದುರಿದೆ. ನಾಲ್ಕನೇ ನಿಮಿಷದ್ದನ್ನು ಮಾತ್ರ ಬರೆದುಕೊಂಡವರು ಶುಕ್ರವಾರ ಎಂದು ತಿಳಿಸುತ್ತಾರೆ, ಕೊನೆಯ ನಿಮಿಷಗಳಲ್ಲಿ ದಿನವೇ ಬದಲಾಗಿದೆ. ಪೋಷಕರ ಸಭೆಗಳಲ್ಲಿ ಹೀಗಾಗುವುದು ತೀರಾ ಸಾಮಾನ್ಯ, ಏಕೆಂದರೆ ಮುಖ್ಯ ವಿಷಯವನ್ನು ಮೊದಲು ಹೇಳಿ, ಜನರ ಪ್ರಶ್ನೆ ಕೇಳಿ, ಕೊನೆಯಲ್ಲಿ ಮತ್ತೆ ಅದಕ್ಕೇ ಬರುತ್ತಾರೆ. ಆದ್ದರಿಂದ ಪಟ್ಟಿ ಮುಗಿದ ಮೇಲೆ ಒಂದೇ ವಿಷಯದ ಸಾಲುಗಳಿಗೆಲ್ಲ ಒಂದೇ ಅಕ್ಷರದ ಗುರುತು ಹಾಕಿ. ಹಾಳೆಗೆ 'ಅ', ತರಗತಿಗೆ 'ಬ', ಹೀಗೆ. ಟಿಪ್ಪಣಿಯನ್ನು ಈ ಗುರುತುಗಳ ಪ್ರಕಾರ ಬರೆಯಬೇಕೇ ಹೊರತು ನಿಮಿಷಗಳ ಪ್ರಕಾರ ಅಲ್ಲ.

ಹೇಳಿದ್ದು ಬೇರೆ, ತೀರ್ಮಾನವಾದದ್ದು ಬೇರೆ

ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದು. ಹೆಚ್ಚು ಹೊತ್ತು ಕೊಡಬೇಕಾದದ್ದೂ ಇದಕ್ಕೇ.

ಸಂಜೆ ತರಗತಿಯ ಭಾಗವನ್ನೇ ತೆಗೆದುಕೊಳ್ಳಿ. ಇಪ್ಪತ್ತೇಳನೇ ನಿಮಿಷದಲ್ಲಿ ಮುಖ್ಯ ಶಿಕ್ಷಕರ ಮಾತು ಸ್ಪಷ್ಟವಾಗಿದೆ: "ಮುಂದಿನ ಸೋಮವಾರದಿಂದ ನಾಲ್ಕೂವರೆಯಿಂದ ಐದೂವರೆಯವರೆಗೆ ವಿಶೇಷ ತರಗತಿ ಇರುತ್ತದೆ." ಇಷ್ಟನ್ನೇ ಬರೆದರೆ ಅದು ತೀರ್ಮಾನದಂತೆ ಕಾಣುತ್ತದೆ. ಆದರೆ ಮುಂದಿನ ಹನ್ನೆರಡು ನಿಮಿಷ ಏನಾಯಿತು? ಮೇಲುಕೋಟೆ ರಸ್ತೆಯ ಹಳ್ಳಿಗಳಿಂದ ಬರುವ ಮಕ್ಕಳ ತಾಯಂದಿರು, ಐದೂಕಾಲರ ಬಸ್ ಬಿಟ್ಟರೆ ಮುಂದಿನದು ಏಳು ಗಂಟೆಗೆ, ಹೆಣ್ಣುಮಕ್ಕಳು ಕತ್ತಲಾಗುವವರೆಗೆ ಬಸ್ ನಿಲ್ದಾಣದಲ್ಲಿ ನಿಲ್ಲಬೇಕಾಗುತ್ತದೆ ಎಂದರು. "ಡಿಪೋಗೆ ಒಂದು ಪತ್ರ ಬರೆಯೋಣ" ಎಂದು ಮುಖ್ಯ ಶಿಕ್ಷಕರು. "ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ ಮಾಡುವುದಾದರೆ ನಾನು ಬರುತ್ತೇನೆ ಸಾರ್" ಎಂದು ಗಣಿತ ಶಿಕ್ಷಕಿ. "ಆಯಿತು, ನೋಡೋಣ, ತಿಳಿಸುತ್ತೇವೆ" ಎಂದು ಮುಖ್ಯ ಶಿಕ್ಷಕರು. ಆಮೇಲೆ ಮಾತು ವಿದ್ಯಾರ್ಥಿವೇತನಕ್ಕೆ ಹೊರಳಿತು.

ಈ ಹನ್ನೆರಡು ನಿಮಿಷದಲ್ಲಿ ಸಂಜೆ ತರಗತಿ ರದ್ದಾಗಿಲ್ಲ, ಬೆಳಗಿನ ತರಗತಿ ಗೊತ್ತಾಗಿಲ್ಲ, ಬಸ್ಸಿನ ಸಮಯವೂ ಬದಲಾಗಿಲ್ಲ. "ನೋಡೋಣ" ಎಂಬ ಮಾತನ್ನು ಒಪ್ಪಿಗೆ ಎಂದು ಕೇಳಿಸಿಕೊಂಡು ಹೋದವರು ಅದೇ ಕೋಣೆಯಲ್ಲಿದ್ದರು, ನಿರಾಕರಣೆ ಎಂದು ತಿಳಿದವರೂ ಇದ್ದರು. ಟಿಪ್ಪಣಿ ಮಾಡುವವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಾರದು. "ತೀರ್ಮಾನವಾಗಿಲ್ಲ" ಎಂದು ಬರೆಯುವುದೇ ಸರಿ. ಜೊತೆಗೆ, ತೀರ್ಮಾನ ಬರುವವರೆಗೆ ಮಗು ಎಷ್ಟು ಗಂಟೆಗೆ ಮನೆಗೆ ಬರುತ್ತದೆ ಎಂಬುದು ಪೋಷಕರಿಗೆ ಗೊತ್ತಾಗಬೇಕು. ಸಭೆಯಲ್ಲಿ ಅದನ್ನು ಯಾರೂ ಹೇಳಿಲ್ಲದಿದ್ದರೆ ಶಾಲೆಯನ್ನು ಕೇಳಿ ಸೇರಿಸಬೇಕು.

ನನ್ನ ಕ್ರಮ ಹೀಗಿದೆ. ಪ್ರತಿ ವಿಷಯಕ್ಕೂ ಕೊನೆಯದಾಗಿ ಮಾತನಾಡಿದ ಜವಾಬ್ದಾರಿಯುಳ್ಳವರ ವಾಕ್ಯವನ್ನು ಹುಡುಕುತ್ತೇನೆ. ಅದರಲ್ಲಿ ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂಬೆರಡೂ ಇದ್ದರೆ ಅದು ತೀರ್ಮಾನ. ಎರಡರಲ್ಲಿ ಒಂದು ಇಲ್ಲದಿದ್ದರೂ ತೀರ್ಮಾನವಾಗಿಲ್ಲ ಎಂಬ ಗುಂಪಿಗೆ ಸೇರಿಸುತ್ತೇನೆ. ನೀರಿನ ಫಿಲ್ಟರ್ ವಿಷಯದಲ್ಲಿ ಎಸ್‌ಡಿಎಂಸಿ ಅಧ್ಯಕ್ಷರು "ಅದನ್ನು ಮಾಡಿಸೋಣ, ಬಿಡಿ" ಎಂದಿದ್ದಾರೆ. ಯಾರು ಮಾಡಿಸುತ್ತಾರೆ, ಯಾವಾಗ ಎಂಬುದಿಲ್ಲ. ಎಲ್ಲರೂ ತಲೆದೂಗಿದ್ದರೂ ಇದು ತೀರ್ಮಾನವಲ್ಲ. ಸಭೆಯಲ್ಲಿ ಕುಳಿತಿರುವಾಗಲೇ ಇದು ಗಮನಕ್ಕೆ ಬಂದರೆ, "ಅಧ್ಯಕ್ಷರೇ, ಯಾವಾಗ ಎಂದು ಬರೆದುಕೊಳ್ಳಲಿ?" ಎಂದು ಕೇಳಿಬಿಡಿ. ಮುಜುಗರಪಡಬೇಕಾಗಿಲ್ಲ, ಬರೆದುಕೊಳ್ಳುವವರು ಕೇಳುತ್ತಿದ್ದಾರೆ ಎಂದಾಗ ಉತ್ತರ ಸಾಮಾನ್ಯವಾಗಿ ದಿನಾಂಕದ ಜೊತೆಗೇ ಬರುತ್ತದೆ.

ಎರಡನೇ ಸಲ: ದಿನ, ಗಂಟೆ, ಮೊತ್ತ

ಎರಡನೇ ಸಲ ಪೂರ್ತಿ ಕೇಳಬೇಕಾಗಿಲ್ಲ. ಗುರುತು ಹಾಕಿದ ಜಾಗಗಳಿಗೆ ಮಾತ್ರ ಹೋಗಿ, ಸಹಜ ವೇಗದಲ್ಲಿ, ಅಸ್ಪಷ್ಟವಿದ್ದರೆ ಇನ್ನೂ ನಿಧಾನಗೊಳಿಸಿ ಕೇಳಿ. ಇಲ್ಲಿ ಹುಡುಕುವುದು ಸಂಖ್ಯೆಗಳನ್ನು ಮಾತ್ರ.

ಗದ್ದಲದ ಧ್ವನಿಯಲ್ಲಿ ಒಂಬತ್ತು ಮತ್ತು ಎಂಬತ್ತು ಒಂದೇ ರೀತಿ ಕೇಳುತ್ತವೆ. "ಕೊಡಬೇಕು" ಮತ್ತು "ಕೊಡಬೇಡಿ" ಎಂಬಲ್ಲಿ ಕೊನೆಯ ಅಕ್ಷರ ಫ್ಯಾನಿನ ಸದ್ದಿಗೆ ಸಿಕ್ಕರೆ ಅರ್ಥವೇ ತಿರುಗುತ್ತದೆ. ಇಂಥ ಕಡೆ ಊಹಿಸಬೇಡಿ. ಅದರ ಹಿಂದಿನ ಮತ್ತು ಮುಂದಿನ ಒಂದು ನಿಮಿಷ ಕೇಳಿದರೆ ಯಾರಾದರೂ ಅದನ್ನೇ ಮರುಪ್ರಶ್ನಿಸಿರುತ್ತಾರೆ. ಅಲ್ಲೂ ಸಿಗದಿದ್ದರೆ ಪ್ರಶ್ನೆಚಿಹ್ನೆ ಹಾಕಿ ಶಾಲೆಯನ್ನು ಕೇಳಬೇಕಾದವುಗಳ ಪಟ್ಟಿಗೆ ಸೇರಿಸಿ. "ಇನ್ನೂರು, ಇನ್ನೂರೈವತ್ತು ಆಗಬಹುದು" ಎಂದಿದ್ದರೆ ಅದು ಅಂದಾಜು. ಅದನ್ನು 250 ರೂಪಾಯಿ ಎಂದು ಬರೆದರೆ ನಾಳೆ ಮಗು 250 ರೂಪಾಯಿ ಕೇಳುತ್ತದೆ.

ದಿನಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಶನಿವಾರ ನಡೆದ ಸಭೆಯಲ್ಲಿ "ಮುಂದಿನ ಸೋಮವಾರ" ಎಂದರೆ ಎರಡೇ ದಿನಕ್ಕೆ ಬರುವ ನವೆಂಬರ್ 24 ಎಂದು ಕೆಲವರು ತಿಳಿಯುತ್ತಾರೆ, ಅದು ಬಿಟ್ಟು ಡಿಸೆಂಬರ್ 1 ಎಂದು ಕೆಲವರು. ಇಬ್ಬರೂ ತಪ್ಪಲ್ಲ. ಟಿಪ್ಪಣಿ ಓದುವವರು ಅದನ್ನು ಭಾನುವಾರ ಓದುತ್ತಾರೋ ಮಂಗಳವಾರ ಓದುತ್ತಾರೋ ಹೇಳಲಾಗದು, ಆದ್ದರಿಂದ "ನಾಳೆ", "ಮುಂದಿನ ವಾರ", "ಹಬ್ಬ ಆದ ಮೇಲೆ" ಎಂಬ ಮಾತುಗಳು ಟಿಪ್ಪಣಿಯಲ್ಲಿ ಇರಲೇಬಾರದು. ಪ್ರತಿ ಬಾರಿಯೂ ವಾರ ಮತ್ತು ದಿನಾಂಕ ಎರಡನ್ನೂ ಬರೆಯಿರಿ: ಗುರುವಾರ, ನ. 27. ಎರಡೂ ಇದ್ದರೆ ಒಂದರಲ್ಲಿ ತಪ್ಪಿದ್ದರೂ ಹೊಂದಿಕೆಯಾಗದೆ ಕಣ್ಣಿಗೆ ಬೀಳುತ್ತದೆ.

ಹಾಳೆಯ ದಿನ ಶುಕ್ರವಾರವೋ ಗುರುವಾರವೋ? ಕೊನೆಯಲ್ಲಿ ಹೇಳಿದ್ದನ್ನೇ ಹಿಡಿಯಬೇಕು ಎಂಬುದು ಸಾಮಾನ್ಯ ನಿಯಮ. ಆದರೆ "ಗುರುವಾರವೇ ಬಂದರೆ ಅನುಕೂಲ" ಎಂಬುದು ಗಡುವೋ ಕೋರಿಕೆಯೋ ಸ್ಪಷ್ಟವಿಲ್ಲ. ಇದೂ ಶಾಲೆಯನ್ನು ಕೇಳಬೇಕಾದ ಪಟ್ಟಿಗೆ.

ಬಿಡಬೇಕಾದದ್ದು

ಗಣಿತ ಶಿಕ್ಷಕಿ ಹದಿನಾಲ್ಕು ನಿಮಿಷ ಮಾತನಾಡಿದ್ದಾರೆ. ಅದರಲ್ಲಿ ಕೆಲವು ಮಕ್ಕಳ ಹೆಸರು, ಅಂಕ, ಯಾರು ತರಗತಿಗೆ ತಪ್ಪಿಸಿಕೊಳ್ಳುತ್ತಾರೆ, ಯಾರ ಮನೆಯಲ್ಲಿ ಏನು ತೊಂದರೆ ಎಂಬ ಮಾತುಗಳಿವೆ. ಎದುರು ಕುಳಿತವರಿಗೆ ಕಾಳಜಿಯಿಂದ ಹೇಳಿದ ಮಾತು ಅದು. ಬರಹಕ್ಕೆ ಇಳಿದು ಅರವತ್ತು ಫೋನುಗಳಿಗೆ ಹೋದರೆ ಆ ಮಗು ಸೋಮವಾರ ಶಾಲೆಗೆ ಬರಲು ಹೆದರುತ್ತದೆ. ಯಾವುದೇ ಮಗುವಿನ ಹೆಸರು ಟಿಪ್ಪಣಿಯಲ್ಲಿ ಬರಬಾರದು, ಹೊಗಳಿಕೆಯಾದರೂ ಬೇಡ. ಹೆಸರು ತೆಗೆದರೂ "ಹಾಸ್ಟೆಲಿನಿಂದ ಬರುವ ಇಬ್ಬರು ಹುಡುಗರು" ಎಂದು ಬರೆದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ, ಅದನ್ನೂ ಬಿಡಿ. ಬರಲಾಗದ ಪೋಷಕರ ಮಗುವಿನ ಬಗ್ಗೆಯೇ ಮಾತು ಬಂದಿದ್ದರೆ ತರಗತಿ ಶಿಕ್ಷಕರಿಗೆ ನೆನಪಿಸಿ, ಅವರು ಆ ಮನೆಗೆ ಫೋನ್ ಮಾಡಲಿ. ಮಗುವಿನ ವಿಷಯ ಹೇಳಬೇಕಾದವರು ಶಿಕ್ಷಕರು, ನೆರೆಮನೆಯವರಾದ ನಾವಲ್ಲ.

ಪೋಷಕರ ಜಗಳವೂ ಹಾಗೆಯೇ. ಯಾರು ಯಾರಿಗೆ ಏನೆಂದರು ಎಂಬುದು ಬೇಡ. ಜಗಳಕ್ಕೆ ಕಾರಣವಾದ ಪ್ರಶ್ನೆ ಮುಖ್ಯವಾಗಿದ್ದರೆ ಪ್ರಶ್ನೆಯನ್ನು ಮಾತ್ರ ಬರೆಯಿರಿ.

ಇಷ್ಟನ್ನು ತೆಗೆದ ಮೇಲೆ ಗಣಿತದ ಹದಿನಾಲ್ಕು ನಿಮಿಷದಲ್ಲಿ ಏನು ಉಳಿಯಿತು? ಶಿಕ್ಷಕಿ ಹೇಳಿದ್ದರಲ್ಲಿ ಒಂದು ಮಾತು ಎಲ್ಲರಿಗೂ ಬೇಕಾದದ್ದು: ಮನೆಗೆಲಸದ ಪುಸ್ತಕವನ್ನು ಅವರು ಪ್ರತಿ ವಾರ ನೋಡಿ ಕೆಂಪು ಶಾಯಿಯಲ್ಲಿ ಸಹಿ ಮಾಡುತ್ತಾರೆ, ಸಹಿ ಇಲ್ಲದ ವಾರ ಮಗು ಪುಸ್ತಕವನ್ನೇ ಕೊಟ್ಟಿಲ್ಲ. ಗಣಿತ ಬರದ, ಓದಲು ಬಾರದ ಪೋಷಕರೂ ಕೆಂಪು ಸಹಿ ಇದೆಯೇ ಇಲ್ಲವೇ ಎಂದು ನೋಡಬಹುದು. "ಮಕ್ಕಳ ಕಡೆ ಗಮನ ಕೊಡಿ" ಎಂಬ ಸಾಲಿಗಿಂತ ಇದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದೀರ್ಘವಾದ ಮಾತಿನಲ್ಲಿ ಇಂಥದ್ದೊಂದು ಸಿಗುವವರೆಗೆ ಹುಡುಕಿ.

ಶಾಲೆಯನ್ನು ಕೇಳಿ, ಆಮೇಲೆ ಬರೆಯಿರಿ

ಕರಡು ಬರೆಯುವ ಮೊದಲೇ ಪ್ರಶ್ನೆಗಳ ಪಟ್ಟಿ ಹಿಡಿದು ಮುಖ್ಯ ಶಿಕ್ಷಕರಿಗೋ ತರಗತಿ ಶಿಕ್ಷಕರಿಗೋ ಒಂದೇ ಸಲ ಫೋನ್ ಮಾಡಿ. ನಮ್ಮ ಉದಾಹರಣೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು.

ಹಾಳೆಗೆ ಕೊನೆಯ ದಿನ ಯಾವುದು? ಗುರುವಾರ ಎಂದರು, ಶುಕ್ರವಾರ ಅವರೇ ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಹೆಸರು ತಪ್ಪಿದ್ದರೆ ಪೋಷಕರು ಏನು ಮಾಡಬೇಕು? ಹಾಳೆಯ ಮೇಲೆ ತಾವೇ ತಿದ್ದಬಾರದು, ತರಗತಿ ಶಿಕ್ಷಕರಿಗೆ ಹೇಳಬೇಕು, ಶಾಲೆಯ ದಾಖಲಾತಿ ಪುಸ್ತಕದ ಜೊತೆ ಹೋಲಿಸಿ ನೋಡುತ್ತಾರೆ. ಈ ಹಾಳೆಯ ವಿಷಯದಲ್ಲಿ ಒಂದು ಸಾಲಿನ ಕಾರಣವನ್ನೂ ಟಿಪ್ಪಣಿಗೆ ಸೇರಿಸುವುದು ಒಳ್ಳೆಯದು, ಏಕೆಂದರೆ ಕಾರಣ ತಿಳಿಯದಿದ್ದರೆ ನೋಡದೆ ಸಹಿ ಹಾಕಿ ಕಳುಹಿಸುವವರಿದ್ದಾರೆ. ಇದರಲ್ಲಿರುವ ಹೆಸರು, ಹುಟ್ಟಿದ ದಿನಾಂಕವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ, ಆಮೇಲೆ ತಿದ್ದಿಸಲು ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ ಅಲೆಯಬೇಕಾಗುತ್ತದೆ.

ಮೂರನೆಯದು ವಿದ್ಯಾರ್ಥಿವೇತನ. ಸಭೆಯಲ್ಲಿ ಶಿಕ್ಷಕರು "ಖಾತೆಗೆ ಆಧಾರ್ ಲಿಂಕ್ ಮಾಡಿಸಿ" ಎಂದಷ್ಟೇ ಹೇಳಿದ್ದರು. ಇದನ್ನು ಹಾಗೆಯೇ ಬರೆದರೆ ತಾಯಿ ಒಂದು ದಿನದ ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ, "ನಿಮ್ಮ ಆಧಾರ್ ಆಗಲೇ ಇದೆಯಲ್ಲ" ಎಂಬ ಉತ್ತರ ಕೇಳಿ ವಾಪಸಾಗುತ್ತಾರೆ. ಖಾತೆ ತೆರೆಯುವಾಗ ಗುರುತಿಗೆಂದು ಆಧಾರ್ ಕೊಟ್ಟಿರುವುದು ಒಂದು, ಸರ್ಕಾರದ ಹಣ ಆ ಖಾತೆಗೆ ನೇರವಾಗಿ ಬರುವಂತೆ ಎನ್‌ಪಿಸಿಐ ಜೋಡಣೆ ಮಾಡಿಸುವುದು ಇನ್ನೊಂದು. ಶಿಕ್ಷಕರು ಹೇಳಿದ್ದು ಎರಡನೆಯದೇ ಎಂದು ಕೇಳಿ ಖಚಿತಪಡಿಸಿಕೊಂಡು, ಬ್ಯಾಂಕಿನಲ್ಲಿ ಆಡಬೇಕಾದ ಮಾತನ್ನೇ ಟಿಪ್ಪಣಿಯಲ್ಲಿ ಬರೆಯಬೇಕು. ನಮಗೆ ಗೊತ್ತಿದೆ ಎಂದು ಶಾಲೆಯನ್ನು ಕೇಳದೆ ಸೇರಿಸಬೇಡಿ, ಟಿಪ್ಪಣಿಯಲ್ಲಿರುವುದೆಲ್ಲ ಶಾಲೆಯ ಮಾತು ಎಂದೇ ಓದುವವರು ನಂಬುತ್ತಾರೆ.

ನಾಲ್ಕನೆಯದು, ವಿಶೇಷ ತರಗತಿ ತೀರ್ಮಾನವಾಗುವವರೆಗೆ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ? ಈಗಿನಂತೆಯೇ, 4.20ಕ್ಕೆ.

ಇಷ್ಟಾದ ಮೇಲೆ ಬರೆದ ಟಿಪ್ಪಣಿ ಇದು:

> 10ನೇ ತರಗತಿ ಪೋಷಕರ ಸಭೆ, ಶನಿವಾರ, ನ. 22 – ಬರಲಾಗದವರಿಗೆ
>
> ನೀವು ಮಾಡಬೇಕಾದದ್ದು
>
> 1. ಎಸ್‌ಎಸ್‌ಎಲ್‌ಸಿ ವಿವರದ ಹಾಳೆ ಸೋಮವಾರ, ನ. 24ರಂದು ಮಗುವಿನ ಕೈಯಲ್ಲಿ ಬರುತ್ತದೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ, ಕೆಳಗೆ ಬಲಗಡೆ ಸಹಿ ಮಾಡಿ, ಗುರುವಾರ, ನ. 27ರೊಳಗೆ ವಾಪಸ್ ಕಳುಹಿಸಿ. ಅಂಕಪಟ್ಟಿಯಲ್ಲಿ ಇದೇ ಬರುತ್ತದೆ, ಆಮೇಲೆ ತಿದ್ದಿಸುವುದು ಕಷ್ಟ. ತಪ್ಪಿದ್ದರೆ ನೀವೇ ತಿದ್ದಬೇಡಿ, ತರಗತಿ ಶಿಕ್ಷಕರಿಗೆ ಫೋನ್ ಮಾಡಿ.
>
> 2. ವಿದ್ಯಾರ್ಥಿವೇತನ: ನಿಮ್ಮ ಮಗುವಿನ ಖಾತೆ ಬಾಕಿ ಇದ್ದರೆ ಶಾಲೆಯಿಂದ ನಿಮಗೆ ಫೋನ್ ಬರುತ್ತದೆ. ಬಂದರೆ ಮಾತ್ರ ಬ್ಯಾಂಕಿಗೆ ಹೋಗಿ, "ಸರ್ಕಾರದ ಹಣ ನೇರವಾಗಿ ಬರಲು ಎನ್‌ಪಿಸಿಐ ಆಧಾರ್ ಜೋಡಣೆ ಮಾಡಿಕೊಡಿ" ಎಂದು ಕೇಳಿ.
>
> 3. ಗಣಿತದ ಮನೆಗೆಲಸದ ಪುಸ್ತಕದಲ್ಲಿ ಪ್ರತಿ ವಾರ ಶಿಕ್ಷಕಿಯ ಕೆಂಪು ಸಹಿ ಇದೆಯೇ ನೋಡಿ. ಇಲ್ಲದಿದ್ದರೆ ಆ ವಾರ ಮಗು ಪುಸ್ತಕ ಕೊಟ್ಟಿಲ್ಲ.
>
> ಇನ್ನೂ ತೀರ್ಮಾನವಾಗಿಲ್ಲ
>
> ವಿಶೇಷ ತರಗತಿ: ಸಂಜೆ 4.30ರಿಂದ 5.30 ಎಂದು ಶಾಲೆ ಹೇಳಿತು. ಬಸ್ ತೊಂದರೆ ಎಂದು ಪೋಷಕರು ಹೇಳಿದರು. ಬೆಳಿಗ್ಗೆ 8.45ಕ್ಕೆ ಮಾಡುವ ಮಾತೂ ಬಂತು. ಶಾಲೆ ತಿಳಿಸುವವರೆಗೆ ಈಗಿನಂತೆ 4.20ಕ್ಕೆ ಶಾಲೆ ಬಿಡುತ್ತದೆ.
>
> ನೀರಿನ ಫಿಲ್ಟರ್: ಮಾಡಿಸುವುದಾಗಿ ಎಸ್‌ಡಿಎಂಸಿ ಅಧ್ಯಕ್ಷರು ಹೇಳಿದ್ದಾರೆ, ದಿನ ಗೊತ್ತಾಗಿಲ್ಲ.
>
> ಏನಾದರೂ ಕೇಳುವುದಿದ್ದರೆ ತರಗತಿ ಶಿಕ್ಷಕರಿಗೆ, ಸಂಜೆ 5ರಿಂದ 7ರೊಳಗೆ.

ವಿದ್ಯಾರ್ಥಿವೇತನದ ಸಾಲನ್ನು ಗಮನಿಸಿ. ಬಾಕಿ ಇರುವ ಮಕ್ಕಳ ಪಟ್ಟಿ ಸೂಚನಾ ಫಲಕದಲ್ಲಿದೆ ಎಂದು ಸಭೆಯಲ್ಲಿ ಹೇಳಲಾಗಿತ್ತು. ಶಾಲೆಗೆ ಬರಲಾಗದವರಿಗೆ ಸೂಚನಾ ಫಲಕದಿಂದ ಏನೂ ಪ್ರಯೋಜನವಿಲ್ಲ. ಅದನ್ನು ಶಿಕ್ಷಕರಿಗೆ ಹೇಳಿದಾಗ ಆ ಕೆಲವು ಮನೆಗಳಿಗೆ ತಾವೇ ಫೋನ್ ಮಾಡುವುದಾಗಿ ಒಪ್ಪಿದರು. ಟಿಪ್ಪಣಿಯ ಪ್ರತಿ ಸಾಲನ್ನೂ ಬರಲಾಗದವರ ಜಾಗದಲ್ಲಿ ನಿಂತು ಓದಿದಾಗ ಇಂಥ ಕೊರತೆಗಳು ಕಾಣುತ್ತವೆ.

ಕಳುಹಿಸುವುದು

ಕರಡನ್ನು ಮುಖ್ಯ ಶಿಕ್ಷಕರಿಗೆ ಕಳುಹಿಸಿ, ಅವರು "ಸರಿಯಿದೆ" ಎಂದ ಮೇಲೆಯೇ ಗುಂಪಿಗೆ ಹಾಕಿ. ಭಾನುವಾರ ಸಂಜೆಯೊಳಗೆ ಹೋಗಬೇಕು, ಏಕೆಂದರೆ ಹಾಳೆ ಸೋಮವಾರ ಮನೆಗೆ ಬರುತ್ತದೆ. ಬರಹವನ್ನು ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಕಳುಹಿಸದೆ ಸಂದೇಶವಾಗಿಯೇ ಕಳುಹಿಸಿ, ಚಿಕ್ಕ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಓದುವುದು ಕಷ್ಟ. ವಾಟ್ಸಾಪ್ ಉದ್ದದ ಸಂದೇಶವನ್ನು ಮಡಚಿ `Read more` ಎಂದು ತೋರಿಸುತ್ತದೆ. ಅದನ್ನು ಒತ್ತದವರಿಗೂ ಮೊದಲನೇ ಅಂಶ ಕಾಣಬೇಕು, ಆದ್ದರಿಂದ ಮೇಲೆ ನಮಸ್ಕಾರ, ಪೀಠಿಕೆ ಏನೂ ಬೇಡ. ದಿನಾಂಕದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ಅದನ್ನು ದಿನಾಂಕಗಳಿಗೆ ಮಾತ್ರ ಬಳಸಿ. ಗುಂಪಿನ ಶುಭೋದಯದ ಚಿತ್ರಗಳ ನಡುವೆ ಸಂದೇಶ ಮುಳುಗದಂತೆ ಏಳು ದಿನಕ್ಕೆ ಪಿನ್ ಮಾಡಿಸಿ.

ಓದಲು ಬಾರದವರಿಗೆ, ಓದುವ ಅಭ್ಯಾಸ ತಪ್ಪಿದವರಿಗೆ ಅದನ್ನೇ ಎರಡು ನಿಮಿಷ ಮೀರದ ಧ್ವನಿ ಸಂದೇಶವಾಗಿ ಹೇಳಿ. ಬರಹವನ್ನು ನೋಡಿಕೊಂಡು ಪಾಠದಂತೆ ಓದಬೇಡಿ, ಮನೆಯ ಮುಂದೆ ಸಿಕ್ಕವರಿಗೆ ಹೇಳುವಂತೆ ಹೇಳಿ. "ಸೋಮವಾರ ಮಗುವಿನ ಕೈಯಲ್ಲಿ ಒಂದು ಹಾಳೆ ಬರುತ್ತದೆ" ಎಂಬುದು ಮೊದಲ ವಾಕ್ಯವಾಗಿರಲಿ, ದಿನಾಂಕಗಳನ್ನು ಎರಡೆರಡು ಸಲ ಹೇಳಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಯಾವುವು ಎಂದು ತರಗತಿ ಶಿಕ್ಷಕರಿಗೆ ಗೊತ್ತಿರುತ್ತದೆ. ಅವರಿಗೆ ಟಿಪ್ಪಣಿಯನ್ನು ಮುದ್ರಿಸಿ ಎಸ್‌ಎಸ್‌ಎಲ್‌ಸಿ ಹಾಳೆಯ ಜೊತೆಗೇ ಪಿನ್ ಹೊಡೆದು ಕಳುಹಿಸಬಹುದು.

ತಪ್ಪು ಕಂಡುಬಂದರೆ ಹಳೆಯ ಸಂದೇಶವನ್ನು ಎಲ್ಲರಿಗೂ ಅಳಿಸಿ, "ತಿದ್ದಿದ ಟಿಪ್ಪಣಿ" ಎಂದು ಮೇಲೆ ಬರೆದು ಪೂರ್ತಿಯಾಗಿ ಮತ್ತೆ ಹಾಕಿ. ತಿದ್ದುಪಡಿಯನ್ನಷ್ಟೇ ಒಂದು ಸಾಲಿನಲ್ಲಿ ಹಾಕಿದರೆ ಹಳೆಯದನ್ನು ಬೇರೆ ಗುಂಪಿಗೆ ಕಳುಹಿಸುವವರು ತಪ್ಪನ್ನೂ ಜೊತೆಗೆ ಕಳುಹಿಸುತ್ತಾರೆ.

ಧ್ವನಿಯ ಕಡತವನ್ನು ಟಿಪ್ಪಣಿ ಒಪ್ಪಿಗೆಯಾದ ಮೇಲೂ ಎರಡು ವಾರ ನಿಮ್ಮ ಬಳಿಯಷ್ಟೇ ಇಟ್ಟುಕೊಂಡಿರಿ. "ಹಾಗೆ ಹೇಳಿರಲಿಲ್ಲ" ಎಂಬ ಮಾತು ಬಂದರೆ ಪಟ್ಟಿಯಲ್ಲಿರುವ ನಿಮಿಷ ನೋಡಿ ಆ ಭಾಗವನ್ನು ಮುಖ್ಯ ಶಿಕ್ಷಕರ ಎದುರು ಕೇಳಿಸಬಹುದು. ಆಮೇಲೆ ಅಳಿಸಿಬಿಡಿ. ಅದರಲ್ಲಿ ಮಕ್ಕಳ ಹೆಸರುಗಳಿವೆ.

"ಇನ್ನೂ ತೀರ್ಮಾನವಾಗಿಲ್ಲ" ಎಂದು ಬರೆದವುಗಳ ಬಾಕಿ ನಿಮ್ಮ ಮೇಲಿರುತ್ತದೆ. ಮೂರು ನಾಲ್ಕು ದಿನ ಬಿಟ್ಟು ಶಾಲೆಯನ್ನು ಕೇಳಿ, ಉತ್ತರ ಬಂದ ದಿನವೇ ಅದೇ ಗುಂಪಿಗೆ ಒಂದು ಸಾಲು ಹಾಕಿ. ನಮ್ಮ ಉದಾಹರಣೆಯಲ್ಲಿ ಗುರುವಾರ ಹೋದ ಸಾಲು ಹೀಗಿತ್ತು: "ನ. 22ರ ಸಭೆಯ ಮುಂದುವರಿಕೆ: ಸಂಜೆ ತರಗತಿ ಇಲ್ಲ. ಸೋಮವಾರ, ಡಿ. 1ರಿಂದ ಬೆಳಿಗ್ಗೆ 8.45ಕ್ಕೆ ಗಣಿತ ವಿಶೇಷ ತರಗತಿ. ಶಾಲೆ ಬಿಡುವ ಸಮಯ ಬದಲಾಗಿಲ್ಲ. ಫಿಲ್ಟರ್ ದಿನ ಇನ್ನೂ ಗೊತ್ತಾಗಿಲ್ಲ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳುತ್ತೇವೆ."